ಸಿಬ್ಬಂದಿ ಲೆಕ್ಕ ಮತ್ತು ಕೆಲಸ ಬಿಟ್ಟವರ ಮಾಸಿಕ ವರದಿ: ಜೂನ್ 2025

ಕಳುಹಿಸುವವರು: ಎಚ್‌ಆರ್ ವಿಭಾಗ, ಗೇರುಬೀಜ ಫ್ಯಾಕ್ಟರಿ, ಬೈಕಂಪಾಡಿ
ಯಾರಿಗೆ: ನಿರ್ದೇಶಕರು, ಬೈಕಂಪಾಡಿ ಮತ್ತು ಕಾರ್ಕಳ ಮ್ಯಾನೇಜರ್‌ಗಳು, ಕೊಡಿಯಾಲಬೈಲ್ ಕಚೇರಿ ಮುಖ್ಯಸ್ಥರು
ದಿನಾಂಕ: 5 ಜುಲೈ 2025

ಜೂನಲ್ಲಿ 23 ಮಂದಿ ಕೆಲಸ ಬಿಟ್ಟಿದ್ದಾರೆ. ಮೇ ತಿಂಗಳಲ್ಲಿ ಬಿಟ್ಟವರು 9. ಶಾಲೆ ಶುರುವಾಗುವ ಹೊತ್ತು, ಮಳೆಗಾಲ ಎಂದು ಜೂನಲ್ಲಿ ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆದರೆ ಈ ಸಲದ ಏರಿಕೆಗೆ ಮಳೆಯೊಂದನ್ನೇ ದೂರುವ ಹಾಗಿಲ್ಲ. ಬಿಟ್ಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಒಂದೇ ಶಿಫ್ಟಿನವರು.

| ಜಾಗ | ಜೂನ್ 1 | ಸೇರಿದವರು | ಬಿಟ್ಟವರು | ವರ್ಗಾವಣೆ | ಜೂನ್ 30 | ಬಿಟ್ಟವರ ಪ್ರಮಾಣ |
|---|---|---|---|---|---|---|
| ಬೈಕಂಪಾಡಿ | 268 | 11 | 17 | −4 | 258 | 6.5% |
| ಕಾರ್ಕಳ | 109 | 7 | 4 | +4 | 116 | 3.6% |
| ಕೊಡಿಯಾಲಬೈಲ್ ಕಚೇರಿ | 35 | 1 | 2 | 0 | 34 | 5.8% |
| ಒಟ್ಟು | 412 | 19 | 23 | 0 | 408 | 5.6% |

ತಿಂಗಳಲ್ಲಿ ಬಿಟ್ಟವರ ಸಂಖ್ಯೆಯನ್ನು ತಿಂಗಳ ಮೊದಲ ಮತ್ತು ಕೊನೆಯ ದಿನದ ಸಿಬ್ಬಂದಿಯ ಸರಾಸರಿಯಿಂದ ಭಾಗಿಸಿದರೆ ಈ ಪ್ರಮಾಣ ಬರುತ್ತದೆ. ಒಟ್ಟು ಲೆಕ್ಕದಲ್ಲಿ 23 ಭಾಗಿಸು 410. ಮೇಯಲ್ಲಿ ಇದು 2.2% ಇತ್ತು, ಕಳೆದ ವರ್ಷದ ಜೂನಲ್ಲಿ 4.1%. ಬೈಕಂಪಾಡಿಯಿಂದ ಕಾರ್ಕಳಕ್ಕೆ ಹೋದ ನಾಲ್ವರು ನಮ್ಮಲ್ಲೇ ಇದ್ದಾರೆ, ಅವರನ್ನು ಬಿಟ್ಟವರೆಂದು ಎಣಿಸಿಲ್ಲ. ಕಚೇರಿಯ 5.8% ನೋಡಿ ಯಾರೂ ಗಾಬರಿಯಾಗಬೇಕಿಲ್ಲ. 35 ಜನರ ಜಾಗದಲ್ಲಿ ಇಬ್ಬರು ಹೋದರೂ ಅಂಕಿ ಹಾಗೆ ಹಾರುತ್ತದೆ.

ತಾವಾಗಿ ಬಿಟ್ಟವರು 18 ಮಂದಿ. ಉಳಿದ 5 ಮಂದಿಯಲ್ಲಿ ನಿವೃತ್ತಿ, ಅವಧಿ ಮುಗಿದದ್ದು, ನಾವೇ ತೆಗೆದದ್ದು ಎಲ್ಲವೂ ಸೇರಿದೆ. ಅದನ್ನು ಬಿಡಿಸಿ ಬರೆದರೆ ಯಾರು ಯಾವ ಸಾಲಿನವರು ಎಂದು ಕ್ಯಾಂಟೀನಿನಲ್ಲೇ ಹೇಳಿಬಿಡುತ್ತಾರೆ. ಹಾಗಾಗಿ ಬಿಡಿಸಿಲ್ಲ.

ಬೈಕಂಪಾಡಿಯಲ್ಲಿ ಏನಾಯಿತು

ಜೂನ್ 2ರಿಂದ ಗ್ರೇಡಿಂಗ್‌ನ 64 ಜನರ ಒಂದು ತಂಡಕ್ಕೆ ಬೆಳಿಗ್ಗೆ 8.30–5.00ರ ಬದಲು 10.00–6.30ರ ಶಿಫ್ಟ್ ಕೊಟ್ಟೆವು. ಮಳೆಗಾಲದಲ್ಲಿ ಬೀಜ ಒಣಗುವುದು ತಡ, ಸಿಪ್ಪೆ ಬಿಡಿಸಿದ ಮಾಲು ಗ್ರೇಡಿಂಗ್ ಮೇಜಿಗೆ ಬರುವಾಗ ಹತ್ತು ಗಂಟೆ ದಾಟುತ್ತದೆ, ಅದುವರೆಗೆ ಜನ ಸುಮ್ನೆ ಕೂತಿರಬೇಕಲ್ಲ ಎನ್ನುವುದು ಪ್ರೊಡಕ್ಷನ್‌ನವರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಆ 64ರಲ್ಲಿ 11 ಮಂದಿ ತಿಂಗಳೊಳಗೆ ಬಿಟ್ಟರು. ಅವರಲ್ಲಿ 8 ಮಂದಿ ಸೇರಿ 90 ದಿನವೂ ಆಗಿರಲಿಲ್ಲ. ಬೈಕಂಪಾಡಿಯ ಉಳಿದ ಎಲ್ಲ ವಿಭಾಗಗಳಿಂದ ಸೇರಿ ಹೋದವರು 6 ಮಾತ್ರ.

ಬಿಡುವಾಗ ಮಾತಾಡಿಸಿದಾಗ ಹೆಚ್ಚಿನವರು ಹೇಳಿದ್ದು ಬಸ್ಸಿನ ವಿಷಯ. ಕಿನ್ನಿಗೋಳಿ, ಕಟೀಲು ಕಡೆಯವರು ಸುರತ್ಕಲ್ಲಿಗೋ ಮೂಲ್ಕಿಗೋ ಹೋಗಿ ಇನ್ನೊಂದು ಬಸ್ ಹಿಡಿಯಬೇಕು. 6.30ಕ್ಕೆ ಗೇಟು ದಾಟಿದರೆ ಎರಡನೇ ಬಸ್ಸಿಗೆ ಕಾಯುವಾಗಲೇ ಕತ್ತಲು. ಆಮೇಲೆ ಒಳದಾರಿಯಲ್ಲಿ ಮಳೆಗೆ ನಡಿಗೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಒಳ ಊರುಗಳಿಗೆ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳು. ಅಂದರೆ ದಿನಾ ಎರಡೆರಡು ಟಿಕೆಟ್ ಕೈಯಿಂದಲೇ. ಹಳಬರು ಹೇಗೋ ಹೊಂದಿಸಿಕೊಂಡರು. ಹೊಸಬರಿಗೆ ಆ ಹಂಗಿಲ್ಲ ಅಲ್ವಾ, ಬಿಟ್ಟರು.

ಯಾರ ಮಾತನ್ನೂ ಇಲ್ಲಿ ಹಾಗೆಯೇ ಎತ್ತಿ ಹಾಕಿಲ್ಲ. ಹೆಸರು ತೆಗೆದರೂ ಮಾತಿನ ಧಾಟಿಯಲ್ಲೇ ಸೂಪರ್‌ವೈಸರಿಗೆ ಆಳು ಗೊತ್ತಾಗುತ್ತದೆ.

ಕಾರ್ಕಳದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಸಂಬಳದ ಅಂಕಿಗಳು

ಜೂನ್ ತಿಂಗಳ ಒಟ್ಟು ಸಂಬಳ ವೆಚ್ಚ 78 ಲಕ್ಷ ರೂಪಾಯಿ. ಬೈಕಂಪಾಡಿ 46 ಲಕ್ಷ, ಕಾರ್ಕಳ ಮತ್ತು ಕಚೇರಿ ಸೇರಿ 32 ಲಕ್ಷ. ಕಚೇರಿಯನ್ನು ಬೇರೆಯಾಗಿ ಕೊಟ್ಟಿಲ್ಲ. ಒಟ್ಟು ಅಂಕಿ ಕೊಟ್ಟು ಒಂದೇ ಜಾಗವನ್ನು ಮುಚ್ಚಿಟ್ಟರೆ ಮುಚ್ಚಿದ ಹಾಗಾಗುವುದಿಲ್ಲ, ಕಳೆದರೆ ಅದು ಸಿಕ್ಕೇ ಸಿಗುತ್ತದೆ. ಅದಕ್ಕೇ ಎರಡನ್ನು ಕೂಡಿಸಿದ್ದೇವೆ.

ವಿಭಾಗವಾರು ಸರಾಸರಿ ಸಂಬಳವನ್ನು ಸಿಸ್ಟಮ್ ಈ ಕ್ವೆರಿಯಿಂದ ತೆಗೆಯುತ್ತದೆ:

```sql
SELECT dept, COUNT(*) AS n,
       ROUND(AVG(gross), -3) AS avg_gross
FROM   v_pay_month
WHERE  pay_month = '2025-06'
GROUP  BY dept
HAVING COUNT(*) >= 5;
```

`v_pay_month` ವ್ಯೂನಲ್ಲಿ ಹೆಸರಿಲ್ಲ, ಸಿಬ್ಬಂದಿ ನಂಬರಿಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಐದಕ್ಕಿಂತ ಕಡಿಮೆ ಜನರ ವಿಭಾಗ ಹೊರಗೇ ಬರುವುದಿಲ್ಲ. ಬಂದ ಸರಾಸರಿಯೂ ಹತ್ತಿರದ ಸಾವಿರಕ್ಕೆ ನಿಲ್ಲುತ್ತದೆ. ಈ ಐದರ ನಿಯಮ ಸಂಬಳಕ್ಕೆ ಮತ್ತು ಬಿಟ್ಟ ಕಾರಣಕ್ಕೆ ಮಾತ್ರ, ತಲೆ ಎಣಿಕೆಗಲ್ಲ. ಯಾರು ಹೋದರು ಎಂಬುದು ಹೇಗೂ ಎಲ್ಲರಿಗೂ ಕಾಣುತ್ತದೆ.

ಇಷ್ಟಿದ್ದರೂ ಈ ತಿಂಗಳು ಅಕೌಂಟ್ಸ್ ವಿಭಾಗದ ಸರಾಸರಿಯನ್ನು ಕೈಯಾರೆ ತಡೆದಿದ್ದೇವೆ. ಅಲ್ಲಿ ಮೇಯಲ್ಲಿ 6 ಮಂದಿ ಇದ್ದರು, ಈಗ 5. ಐದು ಜನ ಇರುವುದರಿಂದ ಸಿಸ್ಟಮ್ ಬಿಟ್ಟುಕೊಡುತ್ತದೆ. ಆದರೆ ಮೇ ವರದಿ ನಿಮ್ಮ ಕೈಯಲ್ಲಿದೆ. ಉದಾಹರಣೆಗೆ ಮೇಯ ಸರಾಸರಿ 30,000, ಜೂನ್‌ನದ್ದು 27,000 ಎಂದಿಟ್ಟುಕೊಳ್ಳಿ. ಇವು ನಿಜವಾದ ಅಂಕಿಗಳಲ್ಲ. ಆರು ಸಲ 30,000 ಅಂದರೆ 1,80,000. ಐದು ಸಲ 27,000 ಅಂದರೆ 1,35,000. ವ್ಯತ್ಯಾಸ 45,000, ಅದೇ ಬಿಟ್ಟುಹೋದವರ ಸಂಬಳ. ಸಾವಿರಕ್ಕೆ ನಿಲ್ಲಿಸಿದ್ದರಿಂದ ಹೆಚ್ಚೆಂದರೆ ಐದೂವರೆ ಸಾವಿರ ಆಚೀಚೆ ಆದೀತು. ಅಷ್ಟರಿಂದ ಮರ್ಯಾದೆ ಉಳಿಯುವುದಿಲ್ಲ. ಹೊಸ ಕಡೆ ಕೆಲಸ ಹುಡುಕುವವರಿಗೆ ಹಳೆ ಸಂಬಳ ಊರೆಲ್ಲ ತಿಳಿದಿದ್ದರೆ ಎಷ್ಟು ತೊಂದರೆ!

ಜುಲೈಯಿಂದ ಇದು ನಿಯಮವಾಗಿ ಸಿಸ್ಟಮ್‌ನಲ್ಲೇ ಇರುತ್ತದೆ. ಹಿಂದೆ ಸರಾಸರಿ ಕೊಟ್ಟ ವಿಭಾಗಕ್ಕೆ ಆಮೇಲೆ ಸೇರಿದವರು, ಬಿಟ್ಟವರು ಎಲ್ಲ ಕೂಡಿ ಒಬ್ಬರೋ ಇಬ್ಬರೋ ಮಾತ್ರವಾದರೆ ಹೊಸ ಸರಾಸರಿ ಬರುವುದಿಲ್ಲ. ಆ ಸಂಖ್ಯೆ ಮೂರು ಮುಟ್ಟುವ ತನಕ ಹಳೆಯದೇ ನಿಂತಿರುತ್ತದೆ. ವಿಭಾಗದ ಮ್ಯಾನೇಜರ್‌ಗಳಿಗೆ ಸ್ವಲ್ಪ ಕಿರಿಕಿರಿಯಾದೀತು, ಅದನ್ನು ಸಹಿಸಿಕೊಳ್ಳಿ.

ಇನ್ನೊಂದು ಮಾತು. ಈ ವರದಿ ಪಿಡಿಎಫ್ ಆಗಿ ಮಾತ್ರ ಬರುತ್ತದೆ, ಎಕ್ಸೆಲ್ ಕೇಳಬೇಡಿ. ಪಿವಟ್ ಟೇಬಲ್ ಇರುವ ಫೈಲಿನಲ್ಲಿ ಮೂಲ ಸಾಲುಗಳು ಒಳಗೇ ಕೂತಿರಬಹುದು. ಮೂಲ ಶೀಟು ಅಳಿಸಿ ಕಳುಹಿಸಿದರೂ, ಒಂದು ಮೊತ್ತದ ಮೇಲೆ ಎರಡು ಸಲ ಒತ್ತಿದರೆ ಹೆಸರು, ಸಂಬಳ ಸಮೇತ ಹೊಸ ಶೀಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಒಬ್ಬೊಬ್ಬರ ಸಂಬಳ ನೋಡುವ ಅನುಮತಿ ಸಂಬಳ ವಿಭಾಗದ ಇಬ್ಬರಿಗೆ ಮಾತ್ರ, ಅವರು ಯಾವಾಗ ಯಾರ ದಾಖಲೆ ತೆರೆದರು ಎಂಬುದೂ ಲಾಗ್ ಆಗುತ್ತದೆ. ಬಡ್ತಿಗಾಗಿ ಯಾರದ್ದಾದರೂ ಸಂಬಳ ತಿಳಿಯಬೇಕಿದ್ದರೆ ಕಾರಣ ಬರೆದು ಕೇಳಿ. ವಾಟ್ಸ್ಯಾಪ್‌ನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ.

ನಿಮ್ಮಿಂದ ಬೇಕಾದದ್ದು

ಗ್ರೇಡಿಂಗ್‌ನ ಆ ತಂಡದಲ್ಲಿ ಈಗ ಖಾಲಿ ಇರುವ 11 ಜಾಗ ಬೇಗ ತುಂಬುವ ಲಕ್ಷಣವಿಲ್ಲ. ಜುಲೈ ನಡುವಿನಿಂದ ಆಟಿ. ಆಟಿಯಲ್ಲಿ ಹೊಸ ಕೆಲಸಕ್ಕೆ ಕಾಲಿಡುವುದು ಹಲವರಿಗೆ ಇಷ್ಟವಿಲ್ಲ. ಹಾಗಾಗಿ ಇದ್ದವರನ್ನು ಉಳಿಸಿಕೊಳ್ಳುವುದೇ ಸುಲಭದ ದಾರಿ. ಒಂದೋ ಸೆಪ್ಟೆಂಬರ್ ಕೊನೆಯವರೆಗೆ ಹಳೆಯ 8.30ರ ಶಿಫ್ಟಿಗೆ ಮರಳಬೇಕು, ಇಲ್ಲವೇ 6.30ಕ್ಕೆ ಗೇಟಿನಿಂದ ಕಿನ್ನಿಗೋಳಿವರೆಗೆ ಒಂದು ವ್ಯಾನ್ ಹಾಕಬೇಕು. ನಮ್ಮ ಮತ ವ್ಯಾನಿಗೆ. ಮಾಲು ತಡವಾಗಿ ಬರುವುದು ಮಳೆ ಇರುವ ತನಕ ತಪ್ಪುವುದಿಲ್ಲ, ಹಳೆ ಶಿಫ್ಟಿಗೆ ಹೋದರೆ ಆ ಒಂದೂವರೆ ಗಂಟೆಯ ಕೂಲಿ ದಂಡ.

ಬೈಕಂಪಾಡಿ ಮ್ಯಾನೇಜರ್ ಜುಲೈ 11ರ ಒಳಗೆ ತಿಳಿಸಿದರೆ 14ರ ಸೋಮವಾರದಿಂದಲೇ ಜಾರಿಗೆ ತರಬಹುದು. ಜುಲೈ ವರದಿ ಆಗಸ್ಟ್ 5ಕ್ಕೆ ಬರುತ್ತದೆ.