ಅಕೌಂಟ್ಸ್ ಟೀಮ್ ಗ್ರೂಪ್: ದೊಡ್ಡಪ್ಪ ತೀರ್ಕೊಂಡ್ರು, 16ರವರೆಗೆ ಊರಲ್ಲಿರ್ತೀನಿ

ಗಿರೀಶ, 5ನೇ ತಾರೀಖು, ಬೆಳಿಗ್ಗೆ 6:10

ಎಲ್ರಿಗೂ ನಮಸ್ಕಾರ. ನಮ್ ದೊಡ್ಡಪ್ಪ ಇವತ್ತು ಬೆಳಗಿನ ಜಾವ ಊರಲ್ಲೇ ತೀರ್ಕೊಂಡ್ರು. ಪಾಂಡವಪುರದ ಕಡೆ ಹೊರಟಿದೀನಿ, ಬಸ್ಸಲ್ಲಿದೀನಿ. ಅವ್ರಿಗೆ ಮಕ್ಕಳಿಲ್ಲ, ಕಾರ್ಯ ಎಲ್ಲಾ ನಾನೇ ಮಾಡ್ಬೇಕು, ಹಂಗಾಗಿ 16ರವರೆಗೆ ಆಫೀಸಿಗೆ ಬರಕ್ಕಾಗಲ್ಲ. ಕೆಲಸದ ವಿಷ್ಯ ಸಾಯಂಕಾಲ ಹಾಕ್ತೀನಿ. ಈಗ ದಯವಿಟ್ಟು ಯಾರೂ ಕಾಲ್ ಮಾಡ್ಬೇಡಿ, ಮಾತಾಡೋಕಾಗ್ತಿಲ್ಲ.

ಶೋಭಾ ಮೇಡಂ, 6:24

ಗಿರೀಶ್, ತುಂಬಾ ಬೇಜಾರಾಯ್ತು. ಹುಷಾರಾಗಿ ಹೋಗಿ. ಇಲ್ಲಿಂದು ನಾವು ನೋಡ್ಕೋತೀವಿ, ಸಾಯಂಕಾಲಾನೂ ಆಗ್ಲಿಲ್ಲ ಅಂದ್ರೆ ಪರ್ವಾಗಿಲ್ಲ.

ನವೀನ್, 6:31

ಅಣ್ಣ ದೊಡ್ಡಮ್ಮನ್ನ ನೋಡ್ಕೊಳ್ಳಿ. ಟಿಡಿಎಸ್ ನಾನು ಕಟ್ಟಿಸ್ತೀನಿ, ತಲೆ ಕೆಡಿಸ್ಕೋಬೇಡಿ.

ಗಿರೀಶ, ರಾತ್ರಿ 9:40

ಸಾಯಂಕಾಲ ನಮ್ ಗದ್ದೆ ಬದುವಲ್ಲೇ ಮಣ್ಣು ಮಾಡಿದ್ವಿ. ಎಲ್ರ ಮೆಸೇಜೂ ಓದ್ದೆ, ಒಬ್ಬೊಬ್ರಿಗೂ ಉತ್ತರ ಕೊಡಕ್ಕಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ.

ನಾಡಿದ್ದು 7ಕ್ಕೆ ಹಾಲು-ತುಪ್ಪ, 15ಕ್ಕೆ ಹನ್ನೊಂದನೇ ದಿನದ ತಿಥಿ. ನಡುವೆ ಅರ್ಧ ದಿನ ಬಂದು ಹೋಗು ಅಂತ ಯಾರಾದ್ರೂ ಅಂದ್ಕೊಂಡ್ರೆ ಅದಾಗಲ್ಲ, ಸೂತಕ ಇದೆ, ಮಣ್ಣು ಕೊಟ್ಟೋನು ಕಾರ್ಯ ಮುಗಿಯೋ ತನಕ ಊರು ಬಿಡೋ ಹಂಗಿಲ್ಲ ಅಂತ ಹಿರಿಯರು ಹೇಳ್ತಾರೆ, ನನಗೂ ದೊಡ್ಡಮ್ಮನ್ನ ಬಿಟ್ಟು ಬರೋ ಮನಸ್ಸಿಲ್ಲ.

ಕೆಲಸ: ನವೀನ್, 7ರೊಳಗೆ ಟಿಡಿಎಸ್ ಕಟ್ಬೇಕು, ಚಲನ್ ಲೆಕ್ಕದ ಶೀಟು ಶೇರ್ಡ್ ಡ್ರೈವಲ್ಲಿದೆ, ಕಾಂಟ್ರಾಕ್ಟರ್ ಪೇಮೆಂಟಲ್ಲಿ ಎರಡು ಎಂಟ್ರಿಗೆ ಹಳದಿ ಬಣ್ಣ ಹಾಕಿದೀನಿ, ಅವೆರಡರ ಪ್ಯಾನ್ ಒಂದ್ಸಲ ನೋಡ್ಕೊಂಡು ಕಟ್ಟು. ರಮ್ಯಾ, 11ಕ್ಕೆ ಜಿಎಸ್‌ಟಿಆರ್-1, ಸೇಲ್ಸ್ ಎಲ್ಲಾ ಟ್ಯಾಲಿ ಆಗಿದೆ, ಕ್ರೆಡಿಟ್ ನೋಟು ಮೂರು ಮಾತ್ರ ಬಾಕಿ, ಆ ಫೈಲು ನನ್ ಟೇಬಲ್ ಎಡಗಡೆ ಡ್ರಾಯರಲ್ಲಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಮೇಡಂ ಹತ್ರಾನೇ ಇದೆ. 15ಕ್ಕೆ ಪಿಎಫ್, ಅವತ್ತೇ ತಿಥಿ, ಅದನ್ನ ಒಂದು ದಿನ ಮುಂಚೆನೇ ಕಟ್ಬಿಡಿ ಪ್ಲೀಸ್. 3ಬಿ 20ಕ್ಕಿರೋದು, ಅದು ನಾನು ಬಂದ್ಮೇಲೆ.

ತೀರಾ ಅರ್ಜೆಂಟ್ ಇದ್ರೆ ಮೆಸೇಜ್ ಹಾಕಿ, ರಾತ್ರಿ ಒಂಬತ್ತರ ಮೇಲೆ ನೋಡ್ತೀನಿ, ಇಲ್ಲಿ ಮನೆ ತುಂಬಾ ಜನ.

ಮೇಡಂ, ರಜೆ ವಿಷ್ಯ. ಸಾವಿಗೆ ಕೊಡೋ ಮೂರು ದಿನದ ರಜೆ ಪಟ್ಟಿಲಿ ದೊಡ್ಡಪ್ಪ ಬರಲ್ಲ, ಅದಕ್ಕೆ ಪೂರ್ತಿ ಇಎಲ್ ಹಾಕಿದೀನಿ, ಅಪ್ರೂವ್ ಮಾಡಿ. ಒಂದೇ ಮಾತು ಹೇಳ್ತೀನಿ, ನಾನು ಎಂಟನೇ ಕ್ಲಾಸಲ್ಲಿದ್ದಾಗ ಅಪ್ಪ ಹೋದ್ಮೇಲೆ ಫೀಸು, ಹಾಸ್ಟೆಲ್ಲು, ಬಿಕಾಂ ಎಲ್ಲಾ ನೋಡ್ಕೊಂಡಿದ್ದು ಇವ್ರೇ, ಕಬ್ಬಿನ ದುಡ್ಡು ಬಂದ ದಿನ ಮೊದಲು ನನ್ ಫೀಸ್ ಎತ್ತಿಡ್ತಿದ್ರು.

ಶೋಭಾ ಮೇಡಂ, 9:52

ಅಪ್ರೂವ್ ಆಯ್ತು ಗಿರೀಶ್. ಮೂರು ದಿನದ ರಜೆ ಬಗ್ಗೆ ಎಚ್‌ಆರ್ ಹತ್ರ ನಾನೇ ಮಾತಾಡ್ತೀನಿ, ನೀವು ಅದರ ಯೋಚ್ನೆ ಬಿಡಿ.

ರಮ್ಯಾ, 9:58

ಫೈಲ್ ನಾಳೆ ತಗೋತೀನಿ. ತಿಥಿಗೆ ನಾವು ನಾಲ್ಕೈದು ಜನ ಬರೋಣ ಅಂತಿದೀವಿ, ಬರ್ಬಹುದಾ? ಗ್ರೂಪಿಂದ ಸ್ವಲ್ಪ ದುಡ್ಡೂ ಸೇರಿಸ್ತಿದೀವಿ.

ಗಿರೀಶ, 10:15

ಬನ್ನಿ ರಮ್ಯಾ, ಖಂಡಿತ ಬನ್ನಿ. ಬೆಳಿಗ್ಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಲಿ ಕಾರ್ಯ ಇರುತ್ತೆ, ನೀವು ಅಲ್ಲಿಗೆ ಬರೋದು ಬೇಡ, ಮಧ್ಯಾಹ್ನ ಊಟದ ಹೊತ್ತಿಗೆ ಸೀದಾ ಮನೆಗೆ ಬನ್ನಿ. ದುಡ್ಡು ಬೇಡ, ಸೇರಿಸಿದ್ರೆ ವಾಪಸ್ ಕೊಟ್ಬಿಡಿ. ಬಂದು ದೊಡ್ಡಮ್ಮನ ಹತ್ರ ಐದು ನಿಮಿಷ ಕೂತ್ಕೊಂಡ್ರೆ ಸಾಕು, ಗಿರೀಶನ ಆಫೀಸಿನವರು ಬಂದಿದ್ರು ಅಂತ ಅವ್ರು ವರ್ಷಗಟ್ಲೆ ಹೇಳ್ಕೋತಾರೆ.

ಗಿರೀಶ, 15ನೇ ತಾರೀಖು, ರಾತ್ರಿ 9:20

ಕಾರ್ಯ ಎಲ್ಲಾ ಆಯ್ತು. ಇಷ್ಟು ದೂರ ಬಂದು ಹೋದವರಿಗೂ, ಅಲ್ಲೇ ಇದ್ದು ಕೆಲಸ ನೋಡ್ಕೊಂಡವರಿಗೂ ಹೆಂಗೆ ಹೇಳೋದೋ ಗೊತ್ತಾಗ್ತಿಲ್ಲ. 17ಕ್ಕೆ ಬೆಳಿಗ್ಗೆ ಆಫೀಸಲ್ಲಿರ್ತೀನಿ. ತಲೆ ಬೋಳಿಸಿದಾರೆ, ಇವತ್ತು ಬರದೇ ಇದ್ದವರು ನೋಡಿ ಗಾಬರಿ ಆಗ್ಬೇಡಿ ಅಂತ ಈಗ್ಲೇ ಹೇಳ್ತಿದೀನಿ. ದೊಡ್ಡಮ್ಮನ್ನ ಸ್ವಲ್ಪ ದಿನ ಬೆಂಗಳೂರಿಗೆ ಕರ್ಕೊಂಡ್ ಬರ್ತಿದೀನಿ, ಅದಕ್ಕೆ ಒಂದು ವಾರ ಸಾಯಂಕಾಲ ಆರಕ್ಕೇ ಹೊರಡ್ತೀನಿ ಮೇಡಂ. ನವೀನ್, 2ಬಿ ಡೌನ್‌ಲೋಡ್ ಮಾಡಿಟ್ಟಿರು, ಬಂದು ಮ್ಯಾಚ್ ಮಾಡ್ತೀನಿ.