ಡಿಬಿಎಂಎಸ್: ಕೊನೆಯ ವಾರದ ರಿವಿಜನ್ ಪಟ್ಟಿ (ಪರೀಕ್ಷೆ ಮುಂದಿನ ಸೋಮವಾರ)

ವಿಟಿಯು ಪತ್ರಿಕೆಯಲ್ಲಿ ಐದು ಮಾಡ್ಯೂಲ್. ಪ್ರತಿಯೊಂದರಲ್ಲೂ ಎರಡು ಪೂರ್ಣ ಪ್ರಶ್ನೆ, ಒಂದನ್ನು ಬರೆದರೆ 20 ಅಂಕ. ಹಾಗಾಗಿ ಯಾವ ಮಾಡ್ಯೂಲನ್ನೂ ಪೂರ್ತಿ ಕೈಬಿಡಬೇಡಿ. ಕತ್ತರಿ ಹಾಕುವುದು ಮಾಡ್ಯೂಲಿನ ಒಳಗೆ.

ಸೋಮವಾರ: ಹಳೆಯ ಐದು ಪತ್ರಿಕೆ ಹರಡಿ, ಸಿಲಬಸ್ ಮೇಲೆ ಗೀಟು ಹಾಕಿ. ಮೂರು ಅಥವಾ ಹೆಚ್ಚು ಬಾರಿ ಬಂದದ್ದು 'ಎ', ಎರಡು ಬಾರಿ 'ಬಿ', ಉಳಿದದ್ದು 'ಸಿ'. ಎರಡು ಗಂಟೆ ಸಾಕು. ಸಂಜೆ ಇಆರ್ ಚಿತ್ರ, ಬ್ಯಾಂಕ್ ಮತ್ತು ಕಾಲೇಜು ಉದಾಹರಣೆ, ಕೈಯಲ್ಲೇ ಬಿಡಿಸಿ.

ಮಂಗಳವಾರ: ಇಆರ್‌ನಿಂದ ಟೇಬಲ್‌ಗೆ ಮ್ಯಾಪಿಂಗ್, ರಿಲೇಷನಲ್ ಆಲ್ಜಿಬ್ರಾದ ಹತ್ತು ಲೆಕ್ಕ.

ಬುಧ, ಗುರು: ನಾರ್ಮಲೈಸೇಷನ್. ಎರಡು ದಿನ ಬೇಕೇ ಬೇಕು, ಅಂಕ ಹೋಗುವುದೇ ಇಲ್ಲಿ. R(A,B,C,D) ತೆಗೆದುಕೊಳ್ಳಿ: AB→C, C→D, D→A. AB ಸಿಕ್ಕ ಕೂಡಲೇ ನಿಲ್ಲಿಸಿದರೆ '3NF ಅಲ್ಲ' ಎಂದು ತಪ್ಪು ಉತ್ತರ ಬರುತ್ತದೆ. BC, BD ಕೂಡ ಕ್ಯಾಂಡಿಡೇಟ್ ಕೀಗಳೇ. ನಾಲ್ಕೂ ಪ್ರೈಮ್, ಆದ್ದರಿಂದ 3NF ಹೌದು, BCNF ಅಲ್ಲ. ಮೊದಲು ಎಲ್ಲ ಕೀ, ಆಮೇಲೆ ನಾರ್ಮಲ್ ಫಾರ್ಮ್.

ಶುಕ್ರವಾರ: ಎಸ್‌ಕ್ಯೂಎಲ್. `GROUP BY` ಮತ್ತು `HAVING` ಇರುವ ಕ್ವೆರಿಗಳನ್ನು ಕಾಗದದ ಮೇಲೆ ಬರೆಯಿರಿ. ಲ್ಯಾಬಿನಂತೆ ತಪ್ಪು ತೋರಿಸುವವರು ಪರೀಕ್ಷೆಯಲ್ಲಿರುವುದಿಲ್ಲ. ಟ್ರಿಗರ್ ಒಂದು.

ಶನಿವಾರ: ಎಸಿಐಡಿ, ಸೀರಿಯಲೈಸಬಿಲಿಟಿ ಗ್ರಾಫ್, ಎರಡು ಹಂತದ ಲಾಕಿಂಗ್. ನೋ-ಎಸ್‌ಕ್ಯೂಎಲ್‌ಗೆ ಮುಕ್ಕಾಲು ಗಂಟೆ.

ಭಾನುವಾರ: ಬೆಳಿಗ್ಗೆ ಮೂರು ಗಂಟೆ ಅವಧಿಯ ಒಂದು ಪೂರ್ತಿ ಪತ್ರಿಕೆ, ಪ್ರಶ್ನೆಗೆ 35 ನಿಮಿಷ. ಮಧ್ಯಾಹ್ನ ತಪ್ಪಿದವು ಮಾತ್ರ. ಹೊಸ ವಿಷಯ ಬೇಡ, ಹತ್ತಕ್ಕೆ ನಿದ್ದೆ.