ಒಂದು ತಾಸಿನ ಎಣ್ಣೆ

ತುಳಸಿ ಲಗ್ನ ಸಂಜೆ 7.30ಕ್ಕೇ ಮುಗಿದಿತ್ತು. ಓಣಿಯವರು ಪ್ರಸಾದ ತಗೊಂಡು ಮನೆಗೆ ಹೋಗಿದ್ದರು. ಅವ್ವ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಕಬ್ಬಿನ ಮಂಟಪದ ಕೆಳಗೆ ಹನ್ನೊಂದು ಹಣತೆ. ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಎಣ್ಣೆ ಹಾಕುತ್ತ, ಬತ್ತಿ ಮುಂದಕ್ಕೆ ಸರಿಸುತ್ತ ಕೂತಿದ್ದಳು.

"ಸಾನ್ವಿ ನೋಡೋತನಕ ಉರೀಬೇಕು" ಅಂತ ಬೆಳಿಗ್ಗೆಯೇ ಹೇಳಿದ್ದಳು.

ಸಾನ್ವಿ ಅಣ್ಣನ ಮಗಳು. ಐದು ವರ್ಷ. ಏಪ್ರಿಲ್‌ನಲ್ಲಿ ಅಣ್ಣ, ವೈನಿ ಅವಳನ್ನು ಕರೆದುಕೊಂಡು ಡಲ್ಲಾಸ್‌ಗೆ ಹೋದರು. ಅಕ್ಕ ಅದಕ್ಕೂ ಮುಂಚೆ ಲಂಡನ್ ಸೇರಿದ್ದಳು. ನವನಗರದ ಈ ಮನೆಯಲ್ಲಿ ಈಗ ನಾವು ಮೂವರೇ. ಪ್ರತಿ ರವಿವಾರ ರಾತ್ರಿ 11ಕ್ಕೆ ವಿಡಿಯೋ ಕಾಲ್. ಡಲ್ಲಾಸ್‌ನಲ್ಲಿ ಆಗ ಮಧ್ಯಾಹ್ನ 12.30. ಸಾನ್ವಿ ಈಜು ಕ್ಲಾಸ್ ಮುಗಿಸಿ ಮನೆಗೆ ಬರುವ ಹೊತ್ತು.

ಉಳಿದ ದಿನ 9 ಗಂಟೆಗೇ ಮಲಗುವ ಅಪ್ಪ, ರವಿವಾರ ಮಾತ್ರ ಮಧ್ಯಾಹ್ನವೇ ಒಂದು ನಿದ್ದೆ ತೆಗೆದಿಡುತ್ತಾನೆ. ಅವ್ವ 10.30ಕ್ಕೆ ಮುಖ ತೊಳೆದು ಇಳಕಲ್ ಸೀರೆ ಉಡುತ್ತಾಳೆ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಡುವುದು ನನ್ನ ಕೆಲಸ. ಇವತ್ತು ಡಬ್ಬಿ ಕಟ್ಟೆಯ ಎದುರಿಗೆ ಬಂದಿತ್ತು.

ಆ ಕಟ್ಟೆ ಅಂದರೆ ಅವ್ವನಿಗೆ ಜೀವ. ಆಲಮಟ್ಟಿ ಹಿನ್ನೀರು ಬಂದು ಹಳೆ ಬಾಗಲಕೋಟೆಯ ಮನೆ ಬಿಡುವಾಗ ಕಟ್ಟೆ ಕಿತ್ತು ತರಲು ಆಗಲಿಲ್ಲ. ಅದರ ಮಣ್ಣನ್ನು ಎರಡು ಬುಟ್ಟಿ ತುಂಬಿಕೊಂಡು ಬಂದಳಂತೆ. ಸಾನ್ವಿ ಹೊರಡುವ ದಿನ ಅದೇ ಮಣ್ಣಲ್ಲಿ ಕೈಯಾಡಿಸಿಕೊಂಡು ಕೂತಿದ್ದಳು. ಉಗುರಿನ ಮಣ್ಣು ತೊಳೆಯಲಿಕ್ಕೆ ಅವ್ವ ಬಿಡಲೇ ಇಲ್ಲ.

11 ಆಯಿತು. ಅಕ್ಕ ಬಂದಳು. ಅಣ್ಣ ಬರಲಿಲ್ಲ.

ಹತ್ತು ನಿಮಿಷ ಹೋಯಿತು. ನಾನು ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ವೈನಿಯೂ ಎತ್ತಲಿಲ್ಲ. ಅಪ್ಪ ಕುರ್ಚಿಯಿಂದ ಎದ್ದು ಗೇಟಿನ ತನಕ ಹೋಗಿ ಬಂದ. ಅಣ್ಣ ಕಾಲೇಜಿಂದ ತಡವಾಗಿ ಬರುತ್ತಿದ್ದಾಗಲೂ ಹೀಗೇ ಮಾಡುತ್ತಿದ್ದ.

"ರಸ್ತೆದಾಗ ಏನರೆ ಆತೇನ?" ಅಂದಳು ಅವ್ವ. ಆ ಮಾತು ಬಂದ ಮೇಲೆ ಯಾರೂ ಮಾತಾಡಲಿಲ್ಲ.

11.20ಕ್ಕೆ ಅಕ್ಕನೇ ಹಣೆ ಬಡಿದುಕೊಂಡಳು. "ಅಯ್ಯ ಅವ್ವ! ನಮ್ಮಲ್ಲಿ ಹೋದ ರವಿವಾರ ಗಡಿಯಾರ ಒಂದು ತಾಸು ಹಿಂದಕ್ಕ ಹಾಕಿದ್ರು. ಅಮೆರಿಕಾದಾಗ ಇವತ್ತ. ಅಣ್ಣಗ ಇನ್ನೂ 11.50 ಆಗ್ಯದ. ಸಾನ್ವಿ ನೀರಾಗ ಅದಾಳ."

"ಹೊತ್ತು ಹಿಂದಕ್ಕ ಹಾಕಲಿಕ್ಕೆ ಬರತದೇನವಾ?"

"ಬ್ಯಾಸಗಿಗೆ ಇಲ್ಲಿ ಹಗಲು ಭಾಳ ಉದ್ದ, ಥಂಡಿಗೆ ಗಿಡ್ಡ. ಅದಕ್ಕ ವರ್ಷಕ್ಕ ಎರಡು ಸಲ ಸರಸ್ತಾರ. ನಮ್ಮೂರಾಗ ಅಷ್ಟು ಫರಕ್ ಇಲ್ಲಲ್ಲ."

ಅಪ್ಪ ಕುರ್ಚಿಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟ. ಅವ್ವ ಬಗ್ಗಿ ಎಣ್ಣೆಯ ಗಿಂಡಿ ನೋಡಿದಳು. ತಳ ಕಾಣುತ್ತಿತ್ತು. 11ಕ್ಕೆ ಸರಿಯಾಗಿ ಅಳೆದು ಇಟ್ಟುಕೊಂಡಿದ್ದಳು ಪಾಪ. ಅಷ್ಟರಲ್ಲಿ ಗಾಳಿ ಬೀಸಿ ನಾಲ್ಕು ಹಣತೆ ಆರಿದವು.

ಅವ್ವ ಒಳಗೆ ಹೋಗಿ ಒಗ್ಗರಣೆಯ ಶೇಂಗಾ ಎಣ್ಣೆ ಡಬ್ಬಿಯನ್ನೇ ತಂದಳು. ನಾನು ಸೆರಗು ಅಡ್ಡ ಹಿಡಿದೆ. ಒಂದರಿಂದ ಒಂದಕ್ಕೆ ಮತ್ತೆ ಹಚ್ಚಿದಳು. ಅಕ್ಕ ಲಂಡನ್‌ನಲ್ಲಿ ಒಲೆ ಸಣ್ಣ ಮಾಡಿ ಸುಮ್ನೆ ನೋಡುತ್ತ ನಿಂತಿದ್ದಳು.

12ಕ್ಕೆ ಫೋನ್ ಬಡಿಯಿತು. ಒದ್ದೆ ತಲೆ, ಬೆನ್ನ ಹಿಂದೆ ಬಿಳಿ ಬಿಸಿಲು. ಸಾನ್ವಿ!

"ಅಜ್ಜಿ, ಏನೂ ಕಾಣವಲ್ದು."

ನಾನು ಓಡಿ ಹೋಗಿ ಪಡಸಾಲೆಯ ಟ್ಯೂಬ್‌ಲೈಟ್ ಆರಿಸಿದೆ. ಒಂದು ಗಳಿಗೆ ಎಲ್ಲ ಕಪ್ಪು. ಆಮೇಲೆ ಸಾನ್ವಿ ಬಾಯಿ ತೆರೆದಳು.

"ಒಂದು, ಎರಡು, ಮೂರು..." ಬೆರಳು ಮುಂದೆ ಮಾಡಿ ಎಣಿಸಿದಳು. ಏಳು ಆದ ಮೇಲೆ ತಡೆದಳು. ಮುಂದಿನದು ಮರೆತಿತ್ತು. ಅಣ್ಣ ಹೇಳಿಕೊಡಲು ಬಗ್ಗಿದ.

"ಎಂಟು" ಅಂದ ಅಪ್ಪ. ನಿದ್ದೆ ಹೋಗಿದ್ದಾನೆ ಅಂದುಕೊಂಡಿದ್ದೆ.

"ಎಂಟು" ಅಂದಳು ಸಾನ್ವಿ.

"ಒಂಬತ್ತು" ಅಂದ ಅಪ್ಪ.

"ಒಂಬತ್ತು!"

ಹನ್ನೊಂದರ ತನಕ ಇಬ್ಬರೂ ಹಾಗೇ ಹೋದರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಇಡುವ ಮುಂಚೆ ಅಣ್ಣ ಹೇಳಿದ, "ಅವ್ವ, ತಪ್ಪಾತು. ಮುಂದಿನ ವಾರದಿಂದ ಕ್ಲಾಸ್ ಬಿಡಿಸಿ ನಿಮಗ 11ಕ್ಕೇ ಸಿಗತೀವಿ."

"ಬ್ಯಾಡಪ್ಪ. ಕೂಸು ಈಜಲಿ. 12ಕ್ಕೇ ಇರಲಿ." ಅವ್ವ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದಳು. "ಕಾರ್ತೀಕ ಅಲ್ಲೇನು, ದೀಪ ಹೆಂಗೂ ಇರ್ತಾವ. ಒಂದು ತಾಸಿನ ಎಣ್ಣಿ ಹೆಚ್ಚಿಗಿ ಹಾಕತೀನಿ."